ಬಿಟ್ಟುಹೋಯ್ತಾ, ಬಿಡಿಸಿದ್ಯಾ?

ಬಡಾವಣೆಯ ನಾಟಕಕ್ಕೆ ನಾನು ಬರೆದುಕೊಂಡು ಹೋಗಿದ್ದ ದೃಶ್ಯ ಮೂರೇ ಪುಟ. ಮೇಷ್ಟ್ರು ಒಂದು ಪುಟ ಓದಿ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ನಮ್ಮ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ.

"ಯಾರಯ್ಯಾ ಇವರು? ಇಷ್ಟೊಂದು ಒಳ್ಳೆ ಜನ ಎಲ್ಲಿ ಸಿಕ್ಕಿದ್ರು ನಿನಗೆ?"

ಕತೆ ಇಷ್ಟೇ. ಅಣ್ಣನ ಮಗಳ ಮದುವೆ. ಲಗ್ನಪತ್ರಿಕೆಯ ಕೊನೆಯಲ್ಲಿ ಸುಖಾಗಮನ ಬಯಸುವವರು ಅಂತ 14 ಹೆಸರು ಇವೆ. ತಂಗಿಯದೂ ಇಲ್ಲ, ಅವಳ ಗಂಡನದೂ ಇಲ್ಲ. ಅಣ್ಣ ತಪ್ಪೊಪ್ಪಿಕೊಳ್ಳಲು ತಂಗಿ ಮನೆಗೆ ಬರುತ್ತಾನೆ. ಕೆಲಸ ಕೆಡುತ್ತದೆ. ಅಣ್ಣ "ನನ್ನನ್ನು ಕ್ಷಮಿಸು" ಎನ್ನುತ್ತಾನೆ, ತಂಗಿ "ಕ್ಷಮಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ" ಎನ್ನುತ್ತಾಳೆ. ಬರೆಯುವಾಗ ನನಗೇ ಕಣ್ಣು ಒದ್ದೆಯಾಗಿತ್ತು.

ಸರಸಕ್ಕ ಬೋಂಡದ ತಟ್ಟೆ ಕೆಳಗಿಟ್ಟಳು. ತಂಗಿಯ ಪಾತ್ರ ಅವಳದೇ. "ಯಾವ ಮನೇಲಿ ಹೀಗೆ ಮಾತಾಡ್ತಾರೋ? ನಮ್ಮಣ್ಣ ಏನಾದ್ರೂ 'ಕ್ಷಮಿಸು' ಅಂದ್ರೆ ನಾನು ಮೊದಲು ಅವನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡ್ತೀನಿ."

ಗುಂಡಣ್ಣ ಬ್ಯಾಂಕಿನಿಂದ ನಿವೃತ್ತನಾದವನು. "ಮನಸ್ಸು ಒಪ್ಪುತ್ತಿಲ್ಲ ಅಂದ್ರೆ ಏನರ್ಥ? ನಾವು ಸಾಲದ ಅರ್ಜಿ ವಾಪಸ್ ಕಳಿಸೋವಾಗಲೂ ಕಾರಣ ಬರೀತಿದ್ವಿ."

ಮೇಷ್ಟ್ರು ಆಗ ಒಂದು ಕೆಲಸ ಮಾಡಿದರು. ತಂಗಿಯ ಮಾತುಗಳ ಮೇಲೆ ಅಂಗೈ ಮುಚ್ಚಿ, ಅಣ್ಣನ ಮಾತುಗಳನ್ನಷ್ಟೇ ಒಂದಾದ ಮೇಲೊಂದು ಓದಿದರು. ಕ್ಷಮಿಸು, ತಪ್ಪಾಗಿದೆ, ಕ್ಷಮಿಸು, ನಾನು ಪಾಪಿ. ಆಮೇಲೆ ಅಣ್ಣನ ಮಾತು ಮುಚ್ಚಿ ತಂಗಿಯದನ್ನು ಓದಿದರು. ಕ್ಷಮಿಸಲಾರೆ, ಹೇಗೆ ಕ್ಷಮಿಸಲಿ, ಕ್ಷಮಿಸಲಾರೆ.

"ನೋಡಿದ್ಯಾ? ಇಬ್ಬರೂ ಒಂದೇ ಸಾಮಾನಿಗೆ ಚೌಕಾಸಿ ಮಾಡ್ತಿದ್ದಾರೆ. ಅವನು ಕೊಡು ಅಂತಾನೆ, ಇವಳು ಕೊಡಲ್ಲ ಅಂತಾಳೆ. ಇದು ಹಗ್ಗಜಗ್ಗಾಟ. ಇವನಿಗೆ ನಿಜವಾಗಿ ಏನು ಬೇಕು ಅಂತ ಹೇಳು. 'ಕ್ಷಮೆ' ಅನ್ನೋ ಪದ ಬಾಯಿಗೆ ಬರಬಾರದು."

ನಾನು ತಲೆ ಕೆರೆದುಕೊಂಡೆ. ಅಣ್ಣನಿಗೆ ತಂಗಿ ಗುರುವಾರ ಮದುವೆಗೆ ಬರಬೇಕು. ಬೀಗರ ಎದುರಿಗೆ ಯಾರಾದರೂ "ಎಲ್ಲಿ, ನಿನ್ನ ತಂಗಿ ಕಾಣಲಿಲ್ಲ" ಎಂದರೆ ಮರ್ಯಾದೆ ಹೋಗುತ್ತದೆ.

"ಸರಿ. ಅವಳಿಗೆ?"

ನಾನು ಬಾಯಿ ತೆರೆಯುವ ಮೊದಲೇ ಸರಸಕ್ಕ ಹೇಳಿದಳು. "ಅವಳಿಗೆ ಮದುವೆ, ಪತ್ರಿಕೆ, ಏನೂ ಬೇಡ. ಹೆಸರು ಹೇಗೆ ಹೋಯ್ತು ಅಂತ ಅವನ ಬಾಯಲ್ಲಿ ಬರಬೇಕು. ಬಿಟ್ಟುಹೋಯ್ತಾ, ಬಿಡಿಸಿದ್ಯಾ?"

ಎರಡು ನಿಮಿಷ ಯಾರೂ ಬೋಂಡಕ್ಕೆ ಕೈ ಹಾಕಲಿಲ್ಲ. ನಮ್ಮ ಗುಂಪಿನಲ್ಲಿ ಅದು ದೊಡ್ಡ ಮಾತು.

ಸಿಕ್ಕಿತು ಎನ್ನಿಸಿತು ನನಗೆ. ಕನ್ನಡದಲ್ಲಿ ತಪ್ಪು ಮಾಡಿದವನಿಗೆ ಅಡಗಿಕೊಳ್ಳಲು ಎಷ್ಟೊಂದು ಜಾಗ ಇದೆ! ತಪ್ಪಾಯ್ತು. ಬಿಟ್ಟುಹೋಯ್ತು. ಬೇಜಾರಾಯ್ತೇನೋ. ಎಲ್ಲವೂ ತಾವೇ ಆಗಿಬಿಟ್ಟಿವೆ, ಮಾಡಿದವನು ಊರಲ್ಲೇ ಇಲ್ಲ. ದಿನಾ ಕಾಲು ತುಳಿದವರೆಲ್ಲ "ತಪ್ಪಾಯ್ತು" ಅಂತಲೇ ಹೇಳುವುದು, ನಾವೂ ಒಪ್ಪಿಕೊಳ್ಳುತ್ತೇವೆ. ಈ ತಂಗಿಗೆ ಮಾತ್ರ ಅದು ಸಾಲದು. ಅವಳಿಗೆ "ನಾನು ತೆಗೆಸಿದೆ" ಎನ್ನುವ ಎರಡು ಪದ ಬೇಕು. ಅಣ್ಣ ಇಡೀ ದೃಶ್ಯದಲ್ಲಿ ಹತ್ತು ಸಲ "ಆಯ್ತು" ಎನ್ನಲಿ, ಒಂದು ಸಲವೂ "ಮಾಡಿದೆ" ಎನ್ನಬಾರದು. ಪ್ರೇಕ್ಷಕರು ವ್ಯಾಕರಣ ಲೆಕ್ಕ ಹಾಕುವುದಿಲ್ಲ ನಿಜ, ಆದರೆ ಕಿವಿಗೆ ಗೊತ್ತಾಗುತ್ತದೆ.

"ಆದ್ರೆ ಅವನು ಹೇಳಿಬಿಟ್ರೆ ಕತೆ ಮುಗೀತಲ್ಲ" ಎಂದ ಗುಂಡಣ್ಣ. "ತೆಗೆಸಿದೆ ಕಣೇ ಅಂದ್ರೆ, ಸರಿ ಬರ್ತೀನಿ ಅಂತಾಳೆ. ಎರಡು ಮಾತಿಗೆ ಪರದೆ ಬೀಳುತ್ತೆ. ಕಾಫಿ ಖರ್ಚೂ ಉಳಿಯುತ್ತೆ."

ಗುಂಡಣ್ಣ ತಮಾಷೆಗೆ ಹೇಳಿದರೂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದ. ಕೇಳಿದ್ದನ್ನು ಕೊಟ್ಟರೆ ಕೊಡುವವನ ಗಂಟೂ ಹೋಗಬೇಕು. ಇಲ್ಲದಿದ್ದರೆ ಅವನು ಸುಮ್ನೆ ಹಟಮಾರಿ, ನೋಡುವವರಿಗೆ ಕೋಪ ಬರುತ್ತದೆ ಅಷ್ಟೇ.

"ಸಾಲ ಇಡು" ಎಂದ ಗುಂಡಣ್ಣ. ಅವನು ಶಾಕುಂತಲಕ್ಕೂ ಸಾಲ ಇಡಬಲ್ಲ. ಆದರೆ ಈ ಸಲ ಅದು ಕೂತಿತು. ತಂಗಿಯ ಗಂಡ ಅತ್ತಿಗೆಯ ತಮ್ಮನ ಹತ್ತಿರ 3 ಲಕ್ಷ ಕೈಸಾಲ ತಗೊಂಡಿದ್ದಾನೆ, ವಾಪಸ್ ಕೊಟ್ಟಿಲ್ಲ. ತಂಗಿಗೆ ಈ ವಿಷಯವೇ ಗೊತ್ತಿಲ್ಲ. ಅವನ ಹೆಸರಿದ್ದರೆ ನನ್ನ ತಮ್ಮ ಮದುವೆಗೆ ಬರಲ್ಲ ಎಂದು ಅತ್ತಿಗೆ ಹಟ ಹಿಡಿದಳು, ಅಣ್ಣ ಹೆಸರು ತೆಗೆಸಿದ. ಈಗ ನಿಜ ಹೇಳಿದರೆ "ಯಾಕೆ ತೆಗೆಸಿದೆ" ಎನ್ನುವ ಪ್ರಶ್ನೆ ಬರುತ್ತದೆ, ತಂಗಿಯ ಸಂಸಾರಕ್ಕೆ ಬೆಂಕಿ ಬೀಳುತ್ತದೆ. ಅವನು ಬಾಯಿ ಮುಚ್ಚಿಕೊಂಡಿರುವುದರಲ್ಲಿ ಹೇಡಿತನವೂ ಇದೆ, ಪ್ರೀತಿಯೂ ಇದೆ. ಎಷ್ಟೆಷ್ಟು ಪಾಲು ಅಂತ ಅವನಿಗೂ ಗೊತ್ತಿಲ್ಲ.

"ಗಂಡ ಎಲ್ಲಿದ್ದಾನೆ?" ಎಂದು ಕೇಳಿದಳು ಸರಸಕ್ಕ.

"ಆಫೀಸಿಗೆ ಹೋಗಿದ್ದಾನೆ ಅಂತ ಬರೆದಿದ್ದೆ."

"ಮನೇಲೇ ಇರ್ಲಿ. ಒಳಗಡೆ ಟೀವಿ ನೋಡ್ತಿರ್ಲಿ."

ಮೇಷ್ಟ್ರು ಶಿರಸಿ ಕಡೆಯವರು, ತಾಳಮದ್ದಲೆ ಕೇಳಿ ಬೆಳೆದವರು. ಇಂಥ ಹೊತ್ತಿಗೆ ಅವರಿಗೆ ಕರ್ಣಭೇದನ ನೆನಪಾಗದಿದ್ದರೆ ಹೇಗೆ? "ಕುಂತಿ ಗಂಗೆ ದಡಕ್ಕೆ ಬರ್ತಾಳಲ್ಲ, ಯಾವಾಗ ಬರ್ತಾಳೆ? ಯುದ್ಧ ತಲೆ ಮೇಲೆ ಬಂದಾಗ. ನೀನು ನನ್ನ ಮಗ, ಪಾಂಡವರ ಕಡೆ ಬಾ ಅಂತಾಳೆ. ಕರ್ಣನಿಗೆ ಬೇಕಿದ್ದ ತಾಯಿ ಯಾವತ್ತೋ ಬರಬೇಕಿತ್ತು. ತಾಯಿ ಮಾಡಬೇಕಾದ್ದನ್ನ ನೀನು ಯಾವತ್ತೂ ಮಾಡ್ಲಿಲ್ಲ, ಈಗ ಬಂದಿರೋದು ನಿನ್ನ ಹಿತಕ್ಕೆ ಅಂತ ಮುಖಕ್ಕೇ ಹೇಳ್ತಾನೆ. ಅಷ್ಟು ಹೇಳಿ ಬರಿಗೈಲಿ ಕಳಿಸ್ತಾನಾ? ಇಲ್ಲ. ಅರ್ಜುನನನ್ನ ಬಿಟ್ಟು ಉಳಿದ ನಾಲ್ವರನ್ನ ಕೊಲ್ಲಲ್ಲ, ನಿನಗೆ ಐದು ಮಕ್ಕಳು ಉಳೀತಾರೆ ಅಂತಾನೆ. ಕೇಳಿದ್ದು ಸಿಗ್ಲಿಲ್ಲ, ಬೇರೇನೋ ಸಿಕ್ತು. ಅದಕ್ಕೇ ಆ ದೃಶ್ಯ ಇವತ್ತಿಗೂ ಉರಿಯೋದು."

ಹಾಗಾದರೆ ನಮ್ಮ ಅಣ್ಣನೂ ಏನಾದರೂ ಕೊಡಲಿ ಎಂದುಕೊಂಡೆವು. ಅವಳು ಕೇಳದೇ ಇರುವುದನ್ನು. ಹೊಸದಾಗಿ ಅಚ್ಚು ಹಾಕಿಸಿದ ಪತ್ರಿಕೆ! ಮೊದಲ ಸಲ ಹೊಡೆಸಿದ್ದು 500, ಈಗ ತಂಗಿಯ ಹೆಸರು ಸೇರಿಸಿ 50. ಆ 50ನ್ನು ಹಿಡಿದುಕೊಂಡು ಅವನು ಬರುತ್ತಾನೆ. ನಾಲ್ಕು ಮೂಲೆಗೂ ಅವನೇ ಅರಿಶಿನ ಹಚ್ಚಿದ್ದಾನೆ. ಅಭ್ಯಾಸ ಇಲ್ಲದ ಕೈ, ಹೆಬ್ಬೆರಳಿನ ಗುರುತು ಗಣಪತಿಯವರೆಗೂ ಹರಡಿದೆ. ಅದನ್ನು ನೋಡಿದ ತಕ್ಷಣ ತಂಗಿಗೆ ಗೊತ್ತಾಗುತ್ತದೆ, ಅತ್ತಿಗೆ ಇದನ್ನು ಮುಟ್ಟಿಲ್ಲ ಅಂತ. ದಂಪತಿ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯಬೇಕಾದ ಕಡೆ ಅವನು ಒಬ್ಬನೇ ಬಂದಿದ್ದಾನೆ. "ಅತ್ತಿಗೆ ಬರ್ಲಿಲ್ವಾ?" "ಅವಳಿಗೆ ಮಂಡಿ ನೋವು."

ಇನ್ನೊಂದು ಸಣ್ಣ ಕೆಲಸ ಬಾಕಿ ಇತ್ತು. ಅಣ್ಣ ಬರುವ ಮೊದಲೇ ತಂಗಿ ಗಂಡನಿಗೆ ಫೋನ್ ತೋರಿಸುತ್ತಾಳೆ. ಮೊದಲ ಪ್ರೂಫಿನ ಫೋಟೋವನ್ನು ಅಣ್ಣನೇ ಕಳಿಸಿದ್ದ, ಅದರಲ್ಲಿ ಅವಳ ಹೆಸರಿತ್ತು. ಈಗ ನೋಡುವವರಿಗೆಲ್ಲ ಸತ್ಯ ಗೊತ್ತು. ಅಣ್ಣ ಬಂದು "ಬಿಟ್ಟುಹೋಯ್ತು" ಎಂದಾಗ ನಾವು ಬೇರೆ ವಿವರಣೆ ಕೊಡಬೇಕಾಗೇ ಇಲ್ಲ.

"ಕೊನೆಗೆ ಅಣ್ಣನಿಗೆ ಫೋನ್ ಬರುತ್ತೆ, ಮಾತು ಅಲ್ಲಿಗೇ ನಿಲ್ಲುತ್ತೆ" ಎಂದೆ ನಾನು.

"ಅದು ಮೋಸ" ಎಂದರು ಮೇಷ್ಟ್ರು. "ಫೋನಿನಿಂದ ಕೆಟ್ರೆ ಅದು ಟೆಲಿಫೋನ್ ಕಂಪನಿ ತಪ್ಪು. ಅವನಿಂದಲೇ ಕೆಡಬೇಕು. ಹೇಳೋಕೆ ಹೋಗಬೇಕು, ನಾಲಿಗೆ ತುದಿಗೆ ಬರಬೇಕು, ತಾನಾಗೇ ನುಂಗಬೇಕು."

ಮೂರನೇ ಸಲ ಬರೆದುಕೊಂಡು ಹೋದಾಗ ಕೊನೆಯ ತುಣುಕು ಹೀಗಿತ್ತು.

ಅಣ್ಣ: ನೋಡು ಪುಟ್ಟಿ, ಇದರಲ್ಲಿ ನಿಮ್ಮಿಬ್ಬರ ಹೆಸರೇ ಮೊದಲು.

ತಂಗಿ: ಎಷ್ಟು ಹೊಡೆಸಿದೆ?

ಅಣ್ಣ: ಐವತ್ತು.

ತಂಗಿ: ಆ ಐನೂರು ಜನ ಇದನ್ನ ನೋಡಲ್ಲ.

ಅಣ್ಣ: ಗುರುವಾರ ನೀನೇ ಎದುರಿಗೆ ನಿಂತಿದ್ರೆ ಪತ್ರಿಕೆ ಯಾರು ನೋಡ್ತಾರೆ? ತಪ್ಪಾಯ್ತು ಅಂದ್ನಲ್ಲ.

ತಂಗಿ: ಯಾರಿಂದ ಆಯ್ತು?

(ಒಳಗೆ ಟೀವಿಯ ಸದ್ದು ಇಳಿಯುತ್ತದೆ.)

ಅಣ್ಣ: ಆವತ್ತು ಪ್ರೂಫ್ ಬಂದಾಗ ನಾನು... (ಒಳಬಾಗಿಲ ಕಡೆ ನೋಡುತ್ತಾನೆ) ಕನ್ನಡಕ ತಗೊಂಡು ಹೋಗಿರ್ಲಿಲ್ಲ.

ತಂಗಿ: (ಲೋಟ ಎತ್ತಿಕೊಂಡು) ಕಾಫಿ ಆರಿದೆ. ಬಿಸಿ ಮಾಡಿ ತರ್ತೀನಿ, ಕೂತ್ಕೊಳ್ಳಿ.

ಮೇಷ್ಟ್ರು ಕನ್ನಡಕ ತೆಗೆಯಲಿಲ್ಲ. ಆ ಕಡೆಯ "ಕೂತ್ಕೊಳ್ಳಿ" ಮೇಲೆ ಬೆರಳಿಟ್ಟು ಸುಮ್ಮನಾದರು. ಅಲ್ಲಿಯವರೆಗೆ ನೀನು ಎನ್ನುತ್ತಿದ್ದವಳು ಒಡಹುಟ್ಟಿದ ಅಣ್ಣನನ್ನು ನೆಂಟನ ಹಾಗೆ ಕೂರಿಸಿದ್ದಳು. ನಿಜ ಹೇಳಬೇಕೆಂದರೆ ಅದು ನನ್ನ ಐಡಿಯಾ ಅಲ್ಲ. ತಾಲೀಮಿನಲ್ಲಿ ಸರಸಕ್ಕ ಬಾಯಿತಪ್ಪಿ ಹಾಗೆ ಅಂದಳು, ನಾನು ಬರೆದುಕೊಂಡೆ. ಹೆಸರು ಮಾತ್ರ ನನ್ನದೇ ಬರುತ್ತದೆ.

ಗುಂಡಣ್ಣನಿಗೆ ಸಮಾಧಾನ ಆಗಿರಲಿಲ್ಲ. "ಸಾಲದ ವಿಷಯ ಹೊರಗೇ ಬರ್ಲಿಲ್ವಲ್ಲಪ್ಪ. ಅಷ್ಟು ಕಷ್ಟಪಟ್ಟು ಇಟ್ಟೆ."

"ಬಂದಿದೆ" ಎಂದೆ. "ಟೀವಿ ಸದ್ದು ಇಳೀತಲ್ಲ."

"ಅದು ಜನಕ್ಕೆ ಅರ್ಥ ಆಗುತ್ತಾ?"

"ಗಂಡ ಇರೋ ಹೆಂಗಸರಿಗೆಲ್ಲ ಅರ್ಥ ಆಗುತ್ತೆ" ಎಂದಳು ಸರಸಕ್ಕ.

ಗುಂಡಣ್ಣ ಕೊನೆಯ ಬೋಂಡ ಎತ್ತಿಕೊಂಡು ಎದ್ದ. ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದ. "ಅಲ್ಲಮ್ಮ, ಗುರುವಾರ ಮದುವೆಗೆ ಬಂದ್ಲಾ, ಇಲ್ವಾ? ಅದನ್ನಾದ್ರೂ ಹೇಳು."

ಸರಸಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ಬಂದ್ಲು. ಊಟ ಮಾಡ್ಲಿಲ್ಲ."