ಸಹಾಯ ಬೇಕು: ಪ್ರಾಡಕ್ಟ್ ಮ್ಯಾನೇಜರ್ ರೆಸ್ಯೂಮೆಯಲ್ಲಿ ಫಲಿತಾಂಶವನ್ನು ಹೇಗೆ ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಔಷಧಿ ಮಾರುವ ಆ್ಯಪ್ ಒಂದರಲ್ಲಿ ನಾನು ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೇನೆ. ನನ್ನ ರೆಸ್ಯೂಮೆಯಲ್ಲಿ ಮೊದಲು ‘ಚೀಟಿ ಅಪ್‌ಲೋಡ್ ಸೌಲಭ್ಯ ರೂಪಿಸಿದೆ’ ಎಂದಷ್ಟೇ ಇತ್ತು. ಅದರಿಂದ ನಾನು ಏನನ್ನು ನಿರ್ಧರಿಸಿದೆ ಎಂಬುದು ತಿಳಿಯುವುದಿಲ್ಲವಾದ್ದರಿಂದ ಈಗ ಹೀಗೆ ತಿದ್ದಿದ್ದೇನೆ:

‘ವೈದ್ಯರ ಚೀಟಿ ಕೇಳುವ ಪುಟದಲ್ಲೇ ಹೆಚ್ಚಿನ ಗ್ರಾಹಕರು ಹಿಂದಿರುಗುತ್ತಿದ್ದರು. ಹಣ ಪಾವತಿಯ ನಂತರ ಚೀಟಿ ಪಡೆದು, ಫಾರ್ಮಸಿಸ್ಟ್ ಪರಿಶೀಲಿಸಿದ ಮೇಲೆಯೇ ಔಷಧಿ ಕಳುಹಿಸುವ ಕ್ರಮವನ್ನು ಆರಿಸಿದೆ. ರದ್ದತಿ ಮತ್ತು ಹಣ ಮರುಪಾವತಿ ಹೆಚ್ಚುವುದೆಂದು ತಿಳಿದೇ ಒಪ್ಪಿದೆವು. ಪೂರ್ಣಗೊಂಡ ಆರ್ಡರ್‌ಗಳು ಶೇ. 42ರಿಂದ 51ಕ್ಕೆ ಏರಿದವು.’

ಸಮಸ್ಯೆ ಇರುವುದು ಕೊನೆಯ ವಾಕ್ಯದಲ್ಲಿ. ಅದೇ ತಿಂಗಳು ಮತ್ತೊಂದು ತಂಡ ಡೆಲಿವರಿ ಶುಲ್ಕವನ್ನು ಇಳಿಸಿತ್ತು; ಹೊಸ ಕ್ರಮವು ಎಲ್ಲ ಗ್ರಾಹಕರಿಗೂ ಒಮ್ಮೆಲೇ ಜಾರಿಯಾದ್ದರಿಂದ ಹೋಲಿಸಲು ಹಳೆಯ ಗುಂಪು ಉಳಿಯಲಿಲ್ಲ. ಚೀಟಿ ಬೇಕಿಲ್ಲದ ಆರ್ಡರ್‌ಗಳನ್ನು ಹೋಲಿಕೆಗೆ ತೆಗೆದುಕೊಂಡು ನೋಡಿದೆ: ಶುಲ್ಕ ಇಳಿಕೆ ಅವಕ್ಕೂ ಅನ್ವಯಿಸಿತ್ತು, ಅಲ್ಲಿನ ಏರಿಕೆ ಶೇಕಡಾ 3 ಅಂಶ ಮಾತ್ರ. ಹಾಗಾದರೆ ನಮ್ಮ ನಿರ್ಧಾರದ ಪಾಲು ಸುಮಾರು 6 ಅಂಶವೆಂದು ನನಗನ್ನಿಸುತ್ತದೆ, ಆದರೆ ಎರಡೂ ಬಗೆಯ ಗ್ರಾಹಕರು ಶುಲ್ಕಕ್ಕೆ ಒಂದೇ ರೀತಿ ಸ್ಪಂದಿಸುತ್ತಾರೆಂಬ ಖಾತ್ರಿಯಿಲ್ಲ. ಇದಲ್ಲದೆ ರದ್ದತಿಯೂ ಶೇ. 4ರಿಂದ 7ಕ್ಕೆ ಏರಿದೆ.

ನೇಮಕಾತಿಯ ಅನುಭವವಿರುವವರು ದಯವಿಟ್ಟು ತಿಳಿಸಿ: 42ರಿಂದ 51 ಎಂದು ಬರೆದು ಶುಲ್ಕ ಇಳಿಕೆಯನ್ನೂ ಉಲ್ಲೇಖಿಸಬೇಕೇ, ಅಥವಾ ‘ಅಂದಾಜು 6 ಅಂಶ’ ಎಂದಷ್ಟೇ ಬರೆಯಬೇಕೇ? ರದ್ದತಿಯ ಅಂಕಿಯನ್ನು ಅದೇ ಸಾಲಿನಲ್ಲಿ ಸೇರಿಸುವುದು ಸರಿಯೇ?