ಚಿಕನ್ ನಗೆಟ್ಸ್ ಹೊರಗೆ ಕಪ್ಪು, ಒಳಗೆ ತಣ್ಣಗೆ, ಎಷ್ಟ್ ಹೊತ್ತು ಕರೀಬೇಕು?

ಕುಮಟಾ_ಅಡುಗೆಮನೆ: ಪ್ಯಾಕೆಟ್ ಮೇಲೆ 3-4 ನಿಮಿಷ ಅಂತ ಇದೆ. ಫ್ರೀಜರ್‌ನಿಂದ ತೆಗ್ದು ಸೀದಾ ಎಣ್ಣೆಗೆ ಹಾಕ್ದೆ, ಎರಡೇ ನಿಮಿಷಕ್ಕೆ ಕಪ್ಪಾಗೋಕೆ ಶುರುವಾಯ್ತು, ಮಗ ಕಚ್ಚಿ ನೋಡಿ ಒಳಗೆ ಐಸ್ ಇದೆ ಅಂತ ಉಗಿದ. ಸರಿ ಅಂತ ಇನ್ನೂ ಹದಿನಾಲ್ಕನ್ನ ಒಟ್ಟಿಗೆ ಹಾಕ್ದೆ, ಅವು ಬಣ್ಣಾನೇ ಬರ್ಲಿಲ್ಲ, ಎಣ್ಣೆ ಕುಡಿದು ಪುಡಿ ಎಲ್ಲ ಉದುರೋಯ್ತು. ಬಾಣಲೆ ಸಣ್ಣದು, ಎಣ್ಣೆ ಅರ್ಧ ಲೀಟರ್, ಗಾಣದ ಕೊಬ್ಬರಿ ಎಣ್ಣೆ.

ಶಿರಸಿ_ಮಳೆಗಾಲ: ಅರ್ಧ ಗಂಟೆ ಹೊರಗಿಟ್ಟು ಕರೀರಿ ಮಾರಾಯ್ರೆ, ಒಳಗೆ ಬೇಗ ಬೇಯ್ತದೆ.

ಕಾರವಾರ_ಗಾಡಿ: ಬೇಗ ಬೇಯೋದು ನಿಜ, ಆದ್ರೆ ಹೊರಗಿಟ್ರೆ ಮೇಲಿನ ಪುಡಿ ಒದ್ದೆಯಾಗಿ ಎಣ್ಣೇಲಿ ಉದುರ್ತದೆ, ನಮ್ಮ ಕರಾವಳಿ ಸೆಖೆಗೆ ಚಿಕನ್ ಹಂಗೆ ಬಿಡೋದೂ ಒಳ್ಳೇದಲ್ಲ. ಕುಮಟಾದವ್ರೇ, ಮೊದಲ್ನೇ ಸಲ ಎಣ್ಣೆ ಹೊಗೆ ಬಂದಿತ್ತಾ?

ಕುಮಟಾ_ಅಡುಗೆಮನೆ: ಹೌದು, ಹೊಗೆ ಬಂದ್ಮೇಲೆ ಹಾಕ್ದೆ, ಅಮ್ಮ ಹಂಗೇ ಮಾಡ್ತಿದ್ರು.

ಕಾರವಾರ_ಗಾಡಿ: ಅಲ್ಲೇ ಎಡವಟ್ಟು. ಗಾಣದ ಕೊಬ್ಬರಿ ಎಣ್ಣೆ 175 ಡಿಗ್ರಿ ಹತ್ರಾನೇ ಹೊಗೆ ಬಿಡ್ತದೆ, ನೀವು ಅದನ್ನೂ ದಾಟಿಸಿದ್ರಿ. ಹೊರಗೆ ಸುಟ್ಟು ಹೋಗ್ತದೆ, ಒಳಗಿನ ಐಸ್ ಕರಗೋಕೆ ಹೊತ್ತೇ ಸಿಗಲ್ಲ. ಎರಡನೇ ಸಲ ಉಲ್ಟಾ, ಹದಿನಾಲ್ಕು ತಣ್ಣನೆ ತುಂಡು ಅರ್ಧ ಲೀಟರ್ ಎಣ್ಣೆನ ಒಂದೇ ಏಟಿಗೆ ಇಳಿಸ್ಬಿಡ್ತು. ರಿಫೈನ್ಡ್ ಎಣ್ಣೆ ತಗೊಳ್ಳಿ, 175 ಸುತ್ತ ಇಟ್ಕೊಳ್ಳಿ, ಒಂದ್ಸಲಕ್ಕೆ ಐದಾರೇ ಹಾಕಿ. ತುಂಡಿಗೆ ಅಂಟಿದ ಐಸ್ ಪುಡಿನ ಮೊದ್ಲು ಕೊಡವಿ, ಇಲ್ದಿದ್ರೆ ಎಣ್ಣೆ ಮುಖಕ್ಕೆ ಚಿಮ್ತದೆ. ಹಾಕಿದ ಕೂಡ್ಲೆ ಉರಿ ಸ್ವಲ್ಪ ಏರ್ಸಿ, ಗುಳ್ಳೆ ಜೋರಾದ್ಮೇಲೆ ಮಧ್ಯಮಕ್ಕೆ ತನ್ನಿ. ನಾಲ್ಕು ನಿಮಿಷಕ್ಕೆ ಅತೀ ದಪ್ಪದ್ದೊಂದನ್ನ ಮುರಿದು ನೋಡಿ, ನಡು ತಣ್ಣಗಿದ್ರೆ ಇನ್ನೊಂದು ನಿಮಿಷ. ಥರ್ಮಾಮೀಟರ್ ಇದ್ರೆ ನಡುವಲ್ಲಿ 74 ತೋರಿಸ್ಬೇಕು. ಕೆಲ ಪ್ಯಾಕೆಟ್‌ಲಿ ಕೋಳಿ ಹಸೀದೇ ಇರ್ತದೆ, ಹಂಗಾಗಿ ಬಣ್ಣ ನಂಬ್ಬೇಡಿ.

ಹೊನ್ನಾವರ_ಓಟಿಜಿ: ನಂಗೆ ಓಟಿಜಿಲಿ ಫ್ರೈಸ್ ಮೆತ್ತಗಾಗ್ತದೆ, 200ರಲ್ಲಿ 20 ನಿಮಿಷ ಇಟ್ರೂ. ಇದೂ ಎಣ್ಣೆ ಪ್ರಾಬ್ಲಮ್ಮಾ?

ಕಾರವಾರ_ಗಾಡಿ: ಅಲ್ಲ ತಂಗಿ, ಅಲ್ಲಿ ಎಣ್ಣೆನೇ ಇಲ್ಲ. ಟ್ರೇ ಮೇಲೆ ಒಂದರ ಮೇಲೊಂದು ರಾಶಿ ಹಾಕ್ತೀಯಾ? ಹಂಗಿದ್ರೆ ಹಬೆಲೇ ಬೇಯ್ತದೆ. ಓವನ್ ಪೂರ್ತಿ ಕಾಯ್ಲಿ, ಟ್ರೇನೂ ಒಳಗೇ ಕಾಯ್ಸು, ಬಿಡಿಬಿಡಿಯಾಗಿ ಹರವಿ, ನಡುವೆ ಒಮ್ಮೆ ಮಗುಚು.

ಹೊನ್ನಾವರ_ಓಟಿಜಿ: ರಾಶಿ ಹಾಕಲ್ಲ, ಆದ್ರೆ ಟ್ರೇ ತಣ್ಣಗೇ ಇಡ್ತೆ. ನೋಡ್ತೆ.

ಶಿರಸಿ_ಮಳೆಗಾಲ: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಪ್ಯಾಕೆಟ್‌ನಲ್ಲಿ ಫ್ರೈಸ್ ಗಟ್ಟಿ ಮುದ್ದೆಯಾಗಿದೆ. ಅದಕ್ಕೆಷ್ಟು ನಿಮಿಷ?

ಕಾರವಾರ_ಗಾಡಿ: ಅದು ಕರಗಿ ಮತ್ತೆ ಗಟ್ಟಿಯಾಗಿದ್ದು. ಮುದ್ದೆನ ಹಂಗೇ ಎಣ್ಣೆಗೆ ಹಾಕ್ಬೇಡಿ, ಉಕ್ಕಿ ಬರ್ತದೆ. ಬಿಡಿಸಿ ಕರೀಬಹುದು, ಗರಿಗರಿ ಆಗ್ತದೆ ಅಂತ ಹೇಳೋಕೆ ಬರಲ್ಲ. ಚಿಕನ್ ಆಗಿದ್ರೆ ನಾನು ಎಸೀತಿದ್ದೆ.

ಕುಮಟಾ_ಅಡುಗೆಮನೆ: ಸಂಜೆ ಆರು ತುಂಡು ಹಾಕ್ದೆ, ನಾಲ್ಕೂವರೆ ನಿಮಿಷ ತಗೊಂತು. ಮಗ ಈಗ ಇನ್ನೂ ಮಾಡು ಅಂತಾ ಕೂತಿದಾನೆ, ಪ್ಯಾಕೆಟ್ ಖಾಲಿ.