ಮುಲುಂಡ್ ಫ್ಲ್ಯಾಟ್: ರಾತ್ರಿ 8 ಆದ್ರೆ ವೈಫೈ ತಡವರಿಸುತ್ತೆ, ಖಾಲಿ ಕಂಡ ಚಾನೆಲ್ 3ಕ್ಕೆ ಹಾಕಿದ ಮೇಲೆ ಇನ್ನೂ ಜಾಸ್ತಿ

ಮುಲುಂಡ್_ಟೀಚರ್

ಎಲ್ಲರಿಗೂ ನಮಸ್ಕಾರ. ಮುಲುಂಡಿನಲ್ಲಿ 14 ಮಹಡಿಯ ಕಟ್ಟಡ, ನಾವಿರೋದು 7ರಲ್ಲಿ. ಮಹಡಿಗೆ ಆರು ಫ್ಲ್ಯಾಟು. ರಾತ್ರಿ 8ರಿಂದ 10ರವರೆಗೆ ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಸರಿಯಾಗಿ ಆ ಹೊತ್ತಿಗೇ ನನ್ನ ಧ್ವನಿ ತುಂಡಾಗುತ್ತದೆ. "ಮಿಸ್, ಅರ್ಧ ಲೆಕ್ಕ ಕೇಳಿಸಲಿಲ್ಲ" ಅಂತ ಮಕ್ಕಳು ಬರೆಯುತ್ತಾರೆ. ಬೆಳಗ್ಗೆ ಏನೂ ತೊಂದರೆ ಇಲ್ಲ.

ರೌಟರ್ ಇರೋದು ಹಾಲಿನಲ್ಲಿ, ಬಾಗಿಲ ಹತ್ತಿರ. ಪಾಠ ಮಾಡೋದು ಒಳಕೋಣೆಯಲ್ಲಿ. ನಡುವೆ ಎರಡು ಗೋಡೆ. 5 ಗಿಗಾಹರ್ಟ್ಸ್ ಅಲ್ಲಿಗೆ ಬರುವಷ್ಟರಲ್ಲಿ ಸಿಗ್ನಲ್ -79 dBm ಆಗಿರುತ್ತದೆ, ಆಗಾಗ ಕಡಿದೂ ಹೋಗುತ್ತದೆ. ಹಾಗಾಗಿ 2.4ರಲ್ಲೇ ಇದ್ದೇನೆ.

ಫೋನಿನಲ್ಲಿ WiFiAnalyzer ಹಾಕಿ ನೋಡಿದೆ. ಚಾನೆಲ್ 1ರಲ್ಲಿ 8 ಹೆಸರು, 6ರಲ್ಲಿ 13, 11ರಲ್ಲಿ 5. ಚಾನೆಲ್ 3ರಲ್ಲಿ ಒಂದೂ ಇರಲಿಲ್ಲ. ಖುಷಿಯಾಗಿ 3ಕ್ಕೆ ಹಾಕಿದೆ. ಆದರೆ ನಿನ್ನೆ ಮೊದಲಿಗಿಂತ ಕೆಟ್ಟದಾಗಿತ್ತು. ಖಾಲಿ ಜಾಗಕ್ಕೆ ಹೋದರೂ ಯಾಕೆ ಹೀಗೆ?

ಡೊಂಬಿವಲಿ_ಶೆಟ್ರು

ಟೀಚರ್, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕಡಿಮೆ ಹೆಸರು ಎಲ್ಲಿದೆಯೋ ಅಲ್ಲಿಗೆ ಹೋಗಿ. ನಿಮ್ಮಲ್ಲಿ 11ರಲ್ಲಿ ಬರೀ ಐದು, ಅಲ್ವಾ? ಅದೂ ಬೇಡ ಅಂದ್ರೆ 13 ಹಾಕಿ. ಯಾರೂ ಮುಟ್ಟದ ಚಾನೆಲ್ ಅದು. ನಮ್ಮ ಮನೆಯಲ್ಲಿ ಎರಡು ವರ್ಷದಿಂದ 13ರಲ್ಲೇ ನಡೀತಾ ಇದೆ. ಮಗಳ ಹಳೇ ಪ್ರಿಂಟರ್ ಒಂದಕ್ಕೆ ಮಾತ್ರ ಅದು ಕಾಣಿಸುವುದಿಲ್ಲ.

ಮಡಗಾವಿನವ

ನಮಗೂ ಇದೇ ಕಥೆ ಅಕ್ಕ. ಮಡಗಾವಿನಲ್ಲಿ ಮಳೆ ಶುರುವಾದರೆ ಸಾಕು, ವೈಫೈ ಹೋಗುತ್ತದೆ. ನಾನು ಚಾನೆಲ್ ಎಲ್ಲ ಬದಲಾಯಿಸಿ ಸುಸ್ತಾದೆ. ಒದ್ದೆ ಗಾಳಿಯಲ್ಲಿ ಸಿಗ್ನಲ್ ಹೋಗಲ್ಲ ಅನ್ಸುತ್ತೆ.

ಕೋಥ್ರೂಡ್_ವೈರ್‌ಮ್ಯಾನ್

ಪುಣೆಯಲ್ಲಿ ಸೊಸೈಟಿಗಳಿಗೆ ನೆಟ್‌ವರ್ಕ್ ಹಾಕಿಕೊಡೋದೇ ನನ್ನ ಕೆಲಸ. ಮಡಗಾವಿನ ಅಣ್ಣನದ್ದು ಬೇರೆ ರೋಗ, ಟೀಚರದ್ದು ಬೇರೆ. ಬೇರೆ ಮಾಡಿ ನೋಡೋದು ಹೀಗೆ. ತೊಂದರೆ ಇರುವ ಹೊತ್ತಲ್ಲೇ ಲ್ಯಾಪ್‌ಟಾಪಿನಲ್ಲಿ Command Prompt ಅನ್ನುವ ಕಪ್ಪು ಕಿಟಕಿ ಎರಡು ತೆರೆದು ಒಂದೊಂದರಲ್ಲಿ ಒಂದೊಂದು ಸಾಲು ಓಡಿಸಿ.

```
ping -t 192.168.1.1
ping -t 8.8.8.8
```

ಮೊದಲನೆಯದು ನಿಮ್ಮ ರೌಟರ್, ಎರಡನೆಯದು ಹೊರಗೆ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರ್. ಕೆಲವರ ಮನೆಯಲ್ಲಿ ಆ ನಂಬರ್ ಬೇರೆ ಇರಬಹುದು, ರೌಟರಿನ ಕೆಳಗಿನ ಚೀಟಿ ನೋಡಿ. ಅಲ್ಲೇ ಎಡವುತ್ತಿದ್ದರೆ ನಿಮ್ಮ ಲ್ಯಾಪ್‌ಟಾಪಿಗೂ ರೌಟರಿಗೂ ನಡುವೆ ತೊಂದರೆ, ಅಂದರೆ ವೈಫೈ. ಅದು ಸಲೀಸಾಗಿದ್ದು ಎರಡನೆಯದು ಮಾತ್ರ ನಿಂತರೆ ಹೊರಗಿನ ಲೈನ್. ಆಗ ಯಾವ ಚಾನೆಲ್ ಹಾಕಿದರೂ ಪ್ರಯೋಜನ ಇಲ್ಲ.

ಮಡಗಾವಿನವ

ಈಗ ಇಲ್ಲಿ ಸುರೀತಾ ಇದೆ, ನೋಡಿದೆ. ರೌಟರ್ 2, 3 ms. ಎರಡನೆಯದು ಪೂರ್ತಿ `Request timed out.` ಹಾಗಾದರೆ ಕಂಬದ ಮೇಲಿನ ಡಬ್ಬಕ್ಕೆ ನೀರು ಹೋಗಿರಬೇಕು. ಲೈನ್‌ನವರನ್ನು ಕರೆಸುತ್ತೇನೆ. ಟೀಚರಿನ ಪ್ರಶ್ನೆಗೆ ಅಡ್ಡ ಬಂದೆ, ಕ್ಷಮಿಸಿ.

ಮುಲುಂಡ್_ಟೀಚರ್

ರಾತ್ರಿ 8.40ಕ್ಕೆ ನೋಡಿದೆ. ನನ್ನದು ರೌಟರಿನ ಹತ್ತಿರವೇ ಎಡವುತ್ತಿದೆ. 6, 210, 95, 380, ಆಮೇಲೆ ಒಂದು `Request timed out.`, ಮತ್ತೆ 140. ಬೆಳಗ್ಗೆ ಅದೇ ಜಾಗದಲ್ಲಿ 3, 4 ಬರುತ್ತಿತ್ತು. ಚಾನೆಲ್ ಇನ್ನೂ 3ರಲ್ಲೇ ಇದೆ.

ಕೋಥ್ರೂಡ್_ವೈರ್‌ಮ್ಯಾನ್

ಹಾಗಿದ್ರೆ ಗದ್ದಲವೇ. ಮೊದಲು 3 ಬಿಡಿ. ಅದು ಖಾಲಿ ಕಂಡಿದ್ದು ನಿಜ, ಆದರೆ ಖಾಲಿ ಅಲ್ಲ.

2.4ರಲ್ಲಿ ಚಾನೆಲ್ ನಂಬರುಗಳು 5 ಮೆಗಾಹರ್ಟ್ಸ್ ದೂರದಲ್ಲಿ ಕೂತಿವೆ. ರೌಟರ್ ಮಾತಾಡೋಕೆ ಸುಮಾರು 20 ಬೇಕು. ಚಾನೆಲ್ 3ರ ನಡು 2422. ಅದು 2412ರಿಂದ 2432ರವರೆಗೆ ಕೈ ಚಾಚುತ್ತದೆ. ಚಾನೆಲ್ 1 ಇರೋದು 2402ರಿಂದ 2422ರವರೆಗೆ, 6 ಶುರುವಾಗೋದು 2427ಕ್ಕೆ. ಅಂದರೆ ನೀವು 1ರ ಅರ್ಧ ಚಾಪೆ ಮೇಲೆ ಕೂತು 6ರ ಅಂಚನ್ನೂ ತುಳಿದಿದ್ದೀರಿ. ಒಂದನ್ನೊಂದು ತುಳಿಯದೆ ಇರುವುದು 1, 6, 11 ಮೂರೇ.

ಒಂದೇ ಚಾನೆಲ್‌ನಲ್ಲಿ ಇರುವ ರೌಟರ್‌ಗಳು ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಂಡು, ಅದು ಮುಗಿದ ಮೇಲೆ ತಮ್ಮ ಸರದಿ ತಗೊಳ್ಳುತ್ತವೆ. ನಿಧಾನ ಆಗುತ್ತದೆ, ಆದರೆ ಮಾತು ಅಷ್ಟಾಗಿ ಕೆಡುವುದಿಲ್ಲ. ಅರ್ಧಂಬರ್ಧ ತುಳಿದುಕೊಂಡರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವೇ ಆಗುವುದಿಲ್ಲ, ಬರೀ ಸದ್ದು. ಸರದಿ ಇಲ್ಲ, ಮಾತು ಕೆಡುತ್ತದೆ, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ನಿಮ್ಮ 380 ಬಂದಿದ್ದು ಇದರಿಂದ.

ಶೆಟ್ರೇ, 13 ನಮ್ಮ ದೇಶದಲ್ಲಿ ಹಾಕಬಹುದು, ತಪ್ಪಲ್ಲ. ಆದರೆ ಅದು 11ನ್ನು ತುಳಿಯುತ್ತದೆ. ನಿಮ್ಮ ಪ್ರಿಂಟರ್ ಥರ 11ರವರೆಗೆ ಮಾತ್ರ ನೋಡುವ ಸಾಮಾನುಗಳಿಗೆ ಅದು ಕಾಣುವುದೂ ಇಲ್ಲ. ನಿಮ್ಮ ಸುತ್ತ 11 ಸುಮ್ಮನಿರಬೇಕು, ಅದಕ್ಕೇ ನಡೀತಾ ಇದೆ.

ಟೀಚರ್, ಹೆಸರು ಎಣಿಸಬೇಡಿ. ಒಂದೊಂದು ಚಾನೆಲ್‌ನಲ್ಲೂ ಜೋರಾಗಿ ಕೇಳುವವರು ಎಷ್ಟು ಜನ, ಅವರು ಎಷ್ಟು ಹೊತ್ತು ಮಾತಾಡುತ್ತಾರೆ, ಅದನ್ನು ನೋಡಬೇಕು. ಆ ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಜೋರು. -82ಕ್ಕಿಂತ ಕೆಳಗಿನವರನ್ನು ಬಿಟ್ಟುಬಿಡಿ. ಸುಮಾರು ಅಲ್ಲಿಂದ ಕೆಳಗೆ ನಿಮ್ಮ ರೌಟರ್ ಅವರಿಗಾಗಿ ಕಾಯುವುದಿಲ್ಲ. ಹಾಲಿನಲ್ಲಿ ಅಲ್ಲ, ಪಾಠ ಮಾಡುವ ಜಾಗದಲ್ಲಿ, ಪಾಠದ ಹೊತ್ತಲ್ಲಿ ನೋಡಿ. ಫೋನ್ ಎರಡು ನಿಮಿಷಕ್ಕೆ ನಾಲ್ಕೇ ಸಲ ಹೊಸದಾಗಿ ಹುಡುಕುತ್ತದೆ, ಅದಕ್ಕೆ ಅವಸರ ಮಾಡಬೇಡಿ.

ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಅನ್ನೋದು ವಿಂಡೋಸ್ 11ರಲ್ಲಿ ಸಿಗುತ್ತದೆ. ಕೆಳಗಡೆ ವೈಫೈ ಪಟ್ಟಿ ಒಂದು ಸಲ ತೆರೆಯಿರಿ. ಇಲ್ಲದಿದ್ದರೆ ನಿಮ್ಮ ರೌಟರ್ ಒಂದನ್ನೇ ತೋರಿಸಿ ಸುಮ್ಮನಾಗುತ್ತದೆ. ಆಮೇಲೆ ಇದು:

```
netsh wlan show networks mode=bssid
```

ಅದರಲ್ಲಿ `Channel Utilization` ಸಾಲು ಬರೆದು ಕಳಿಸಿ.

ಮುಲುಂಡ್_ಟೀಚರ್

ರಾತ್ರಿ 9.10, ಒಳಕೋಣೆ. ಒಂದೊಂದು ಚಾನೆಲ್‌ನಲ್ಲಿ ಜೋರಾಗಿ ಕೇಳುವವರದ್ದು ಇದು. ಚಾನೆಲ್ ನಂಬರ್ ಮಾತ್ರ ಮುಂದೆ ಸೇರಿಸಿದ್ದೇನೆ.

```
1   Channel Utilization:  189 (74 %)
6   Channel Utilization:   84 (32 %)
11  Channel Utilization:  178 (69 %)
```

ಫೋನಿನಲ್ಲಿ ನೋಡಿದರೆ 1ರಲ್ಲಿ ಒಬ್ಬರು -58, ಇನ್ನು ನಾಲ್ಕು ಜನ -70ರ ಆಸುಪಾಸು. 6ರ 13 ಹೆಸರುಗಳಲ್ಲಿ ಎರಡು ಮಾತ್ರ -74 ಮತ್ತು -78. ಉಳಿದ ಹನ್ನೊಂದೂ -84ಕ್ಕಿಂತ ಕೆಳಗೆ. 11ರಲ್ಲಿ ಐದೇ ಹೆಸರು, ಆದರೆ ಒಂದು -41! ಅದು ಈ ಗೋಡೆಯ ಆಚೆಯವರದ್ದು. ಅವರ ಟಿವಿ ಇರೋದೂ ಅಲ್ಲೇ.

ಕೋಥ್ರೂಡ್_ವೈರ್‌ಮ್ಯಾನ್

ನೋಡಿ, ಹೆಸರು ಜಾಸ್ತಿ ಇರುವ 6ರಲ್ಲೇ ಮಾತು ಕಡಿಮೆ. ಮೊದಲ ಅಂಕಿ 255ಕ್ಕೆ ಎಷ್ಟು ಅನ್ನೋದು. ಆ ಚಾನೆಲ್ ಎಷ್ಟು ಹೊತ್ತು ಯಾರದೋ ಮಾತಿನಲ್ಲಿ ತುಂಬಿತ್ತು ಅಂತ ಅರ್ಥ. 6ಕ್ಕೆ ಹಾಕಿ. ರೌಟರಿನಲ್ಲಿ `Auto` ತೆಗೆದು ನಂಬರ್ ಕೊಡಿ. ಅಲ್ಲೇ ಅಗಲ ಅಂತ ಇರುತ್ತದೆ, ಅದನ್ನು 20 MHz ಮಾಡಿ. `Auto` ಬೇಡ ಅನ್ನೋದು ಯಾಕೆ ಅಂದ್ರೆ, ತುಂಬಾ ರೌಟರ್‌ಗಳು ಆನ್ ಆದಾಗ ಒಂದೇ ಸಲ ನೋಡಿ ಆರಿಸುತ್ತವೆ. ಬೆಳಗ್ಗೆ ಆನ್ ಆಗಿದ್ದರೆ ರಾತ್ರಿಯ ಗದ್ದಲ ಅದಕ್ಕೆ ಗೊತ್ತೇ ಇರುವುದಿಲ್ಲ.

ವಿಮಾನ್_ನಗರ_ಪುಣೆ

ನಡುವೆ ಒಂದು ಪ್ರಶ್ನೆ. ನಾನು ಪೂರ್ತಿ 5 ಗಿಗಾಹರ್ಟ್ಸ್‌ಗೆ ಹೋಗಿದ್ದೇನೆ. ಚಾನೆಲ್ 52 ಪೂರ್ತಿ ಖಾಲಿ. ಆದರೆ ದಿನಕ್ಕೆ ಒಂದೆರಡು ಸಲ ವೈಫೈ ಹೆಸರೇ ಮಾಯವಾಗುತ್ತದೆ. ಒಂದು ನಿಮಿಷ ಬಿಟ್ಟು ಬರುತ್ತದೆ.

ಕೋಥ್ರೂಡ್_ವೈರ್‌ಮ್ಯಾನ್

52ರಿಂದ 64, 100ರಿಂದ 144, ಇವು ರಾಡಾರಿನ ಜೊತೆ ಹಂಚಿಕೊಂಡ ಜಾಗ. ರಾಡಾರ್ ಕೇಳಿಸಿತು ಅಂದರೆ ರೌಟರ್ ಜಾಗ ಬಿಡಲೇಬೇಕು. ಅಲ್ಲೇ ಇನ್ನೊಂದು ಅಂಥ ಚಾನೆಲ್ ಹಿಡಿದರೆ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಂಡು ಆಮೇಲೆ ಶುರು ಮಾಡಬೇಕು. ನಿಮ್ಮ ಒಂದು ನಿಮಿಷ ಅದೇ ಇರಬೇಕು. ರೌಟರ್ ಲಾಗ್‌ನಲ್ಲಿ `radar` ಅಂತ ಇದೆಯಾ ನೋಡಿ. 36 ಅಥವಾ 149ಕ್ಕೆ ಹೋಗಿ, ಅಲ್ಲಿ ಈ ಕಾಟ ಇಲ್ಲ.

ವಿಮಾನ್_ನಗರ_ಪುಣೆ

ಲಾಗ್‌ನಲ್ಲಿ ಇದೆ, ನಿನ್ನೆ ಎರಡು ಸಲ. ಹತ್ತಿರದಲ್ಲೇ ಲೋಹೆಗಾಂವ್ ವಿಮಾನ ನಿಲ್ದಾಣ. ಆದರೆ ಎದುರು ವಿಂಗ್‌ನ ಸ್ನೇಹಿತ 60ರಲ್ಲಿ ಆರಾಮಾಗಿದ್ದಾನೆ. ನಿಜವಾದ ರಾಡಾರೋ, ನನ್ನ ರೌಟರಿನ ಭ್ರಮೆಯೋ?

ಕೋಥ್ರೂಡ್_ವೈರ್‌ಮ್ಯಾನ್

ಎರಡೂ ಆಗುತ್ತದೆ. ಕೆಲವು ರೌಟರ್ ಪಕ್ಕದ ವೈಫೈಯನ್ನೇ ರಾಡಾರ್ ಅಂದುಕೊಳ್ಳುತ್ತವೆ. ಸ್ನೇಹಿತನ ರೌಟರನ್ನು ಒಂದು ದಿನ ನಿಮ್ಮ ಮನೆಯಲ್ಲಿ ಇಟ್ಟು ನೋಡಿ.

ಮುಲುಂಡ್_ಟೀಚರ್

6ಕ್ಕೆ ಹಾಕಿ ಎರಡು ರಾತ್ರಿ ಆಯಿತು. 380 ಹೋಯಿತು, ಟೈಮ್‌ಔಟ್ ಅಪರೂಪ. ಆದರೂ 30ರಿಂದ 90 ನಡುವೆ ಓಡಾಡುತ್ತಿದೆ, ಆಗೊಮ್ಮೆ 150. 32 ಪರ್ಸೆಂಟ್ ಇರುವ ಚಾನೆಲ್‌ಗೆ ಇದು ಜಾಸ್ತಿ ಅಲ್ವಾ?

ಕೋಥ್ರೂಡ್_ವೈರ್‌ಮ್ಯಾನ್

ಜಾಸ್ತಿಯೇ. ಆ 32 ಹೇಳಿದ್ದು ದೂರದ -74ರ ರೌಟರ್, ತನ್ನ ಮನೆಯಲ್ಲಿ ಕೂತು ಕೇಳಿಸಿಕೊಂಡ ಲೆಕ್ಕ. ನಿಮ್ಮ ಗೋಡೆ ಹತ್ತಿರದ ಲೆಕ್ಕ ಅಲ್ಲ. ಆ್ಯಪ್‌ನ ಗ್ರಾಫ್ ತೆರೆದು ಗೋಡೆಯಾಚೆಯವರ -41ರ ಗುಡ್ಡ ನೋಡಿ. ಎಲ್ಲಿಂದ ಎಲ್ಲಿವರೆಗೆ ಇದೆ?

ಮುಲುಂಡ್_ಟೀಚರ್

ಅಯ್ಯೋ, ಹೌದು! ಉಳಿದವರದ್ದಕ್ಕಿಂತ ಎರಡರಷ್ಟು ಅಗಲ. 5ರಿಂದ 13ರವರೆಗೆ ಹರಡಿದೆ. ಪಟ್ಟಿಯಲ್ಲಿ 11 ಅಂತ ಮಾತ್ರ ಇತ್ತು, ನಾನು ಗಮನಿಸಿರಲಿಲ್ಲ.

ಕೋಥ್ರೂಡ್_ವೈರ್‌ಮ್ಯಾನ್

ಸಿಕ್ಕಿತು. ಅವರದ್ದು 40 MHz. 11ರ ಜೊತೆ 7ನ್ನೂ ಸೇರಿಸಿಕೊಂಡು 2432ರಿಂದ 2472ರವರೆಗೆ ಮಲಗಿದೆ. ನಿಮ್ಮ 6 ಇರೋದು 2427ರಿಂದ 2447. ಮುಕ್ಕಾಲು ಪಾಲು ಅವರ ಕೆಳಗೆ. ಸುತ್ತ ಬೇರೆಯವರು ಕಂಡರೆ ರೌಟರ್ ತಾನೇ 20ಕ್ಕೆ ಇಳಿಯಬೇಕು ಅಂತ ನಿಯಮ ಇದೆ, ಆದರೆ ತುಂಬಾ ರೌಟರ್ ಪಾಲಿಸುವುದಿಲ್ಲ. ಹೋಗಿ ಕೇಳಿ. ಅವರಿಗೂ ಲಾಭವೇ, ಅವರನ್ನೂ ನಿಮ್ಮ ರೌಟರ್ ಕೆಡಿಸುತ್ತಿದೆ.

ಮುಲುಂಡ್_ಟೀಚರ್

ಹೋಗಿದ್ದೆ. ಪಕ್ಕದ ಮನೆಯ ವಹಿನಿಗೆ ಫೋನಿನ ಗ್ರಾಫ್ ತೋರಿಸಿದೆ. ನಿಮ್ಮದು ಈ ದೊಡ್ಡ ಗುಡ್ಡ, ಅದರೊಳಗಿನ ಸಣ್ಣದು ನನ್ನದು ಅಂತ. ಅವರ ಮಗ ಅಲ್ಲೇ ನಿಂತು 20 MHz ಮಾಡಿದ, ಚಾನೆಲ್ 11ರಲ್ಲೇ ಬಿಟ್ಟ. ನಮ್ಮ ಕಣ್ಣೆದುರೇ ಗುಡ್ಡ ಅರ್ಧ ಆಗಿ 11ರ ಸುತ್ತ ಕೂತಿತು. ಅವರ ಟಿವಿಯಲ್ಲೂ ಚಿತ್ರ ನಿಲ್ಲುತ್ತಿತ್ತಂತೆ.

ನಿನ್ನೆ 8ರಿಂದ 10ರವರೆಗೆ ಪಿಂಗ್ ಓಡಿಸಿಯೇ ಇಟ್ಟಿದ್ದೆ. ಹೆಚ್ಚಿನದೆಲ್ಲ 4ರಿಂದ 15. ಪಾಠ ಒಂದು ಸಲವೂ ತುಂಡಾಗಲಿಲ್ಲ. 9.25ಕ್ಕೆ ಮಾತ್ರ ಎರಡು ನಿಮಿಷ 200ರ ಆಸುಪಾಸು ಹೋಯಿತು. ಹಿಂದಿನ ದಿನವೂ ಹೆಚ್ಚು ಕಡಿಮೆ ಅದೇ ಹೊತ್ತು.

ಡೊಂಬಿವಲಿ_ಶೆಟ್ರು

ಎರಡೇ ನಿಮಿಷ ಅಂದ್ರೆ ಮೈಕ್ರೋವೇವ್ ಇರಬೇಕು ಟೀಚರ್. ಊಟ ಬಿಸಿ ಮಾಡುವ ಹೊತ್ತು ಅದು. ಅಂದಹಾಗೆ ವೈರ್‌ಮ್ಯಾನ್ ಅವರೇ, ನನ್ನ ಲ್ಯಾಪ್‌ಟಾಪಿನಲ್ಲಿ ಆ `Channel Utilization` ಸಾಲೇ ಬರುತ್ತಿಲ್ಲ.

ಕೋಥ್ರೂಡ್_ವೈರ್‌ಮ್ಯಾನ್

ಮೈಕ್ರೋವೇವ್ ಊಹೆ ಒಳ್ಳೆಯದು ಶೆಟ್ರೇ, ಅದು ಕೆಲಸ ಮಾಡೋದೂ 2450ರ ಸುತ್ತಲೇ. ಟೀಚರ್, 9.25ಕ್ಕೆ ನಿಮ್ಮ ಅಡುಗೆಮನೆಯಲ್ಲೋ ಗೋಡೆಯಾಚೆಯೋ ಅದು ಓಡುತ್ತಿದೆಯಾ ಕೇಳಿ ನೋಡಿ.

ಆ ಸಾಲನ್ನು ಎಲ್ಲ ರೌಟರ್‌ಗಳೂ ಹೇಳುವುದಿಲ್ಲ. ನಿಮ್ಮ ಸುತ್ತಲಿನವು ಹೇಳದಿದ್ದರೆ 1, 6, 11 ಒಂದೊಂದರಲ್ಲೂ ಎರಡೆರಡು ರಾತ್ರಿ ಇದ್ದು ರೌಟರಿಗೆ ಪಿಂಗ್ ಓಡಿಸಿ ಬರೆದಿಡಿ. ಅಂಕಿ ತಂದು ಇಲ್ಲಿ ಹಾಕಿ, ನೋಡೋಣ.